ಸೆಪ್ಟೆಂಬರ್ ಸಾಲಿನಲ್ಲಿ ಕಂಡ ಸಂಖ್ಯೆ

ಕಾಸರಗೋಡಿನ ಬದಿಯಡ್ಕ ಹತ್ತಿರ ಒಂದು ಸಣ್ಣ ಘಟಕದಲ್ಲಿ ನಾನು ಲೆಕ್ಕ ಮತ್ತು ಆರ್ಡರ್ ನೋಡಿಕೊಳ್ಳುತ್ತೇನೆ. ಗಾಣದ ತೆಂಗಿನೆಣ್ಣೆ, ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ ನಮ್ಮ ಸರಕು. ಕೊಳ್ಳುವವರು ಹೆಚ್ಚಾಗಿ ಬೆಂಗಳೂರು, ಪುಣೆ, ಮುಂಬೈಯಲ್ಲಿರುವ ನಮ್ಮ ಊರ ಕಡೆಯವರು. ಕಳೆದ ಜುಲೈಯಿಂದ ಇನ್‌ಸ್ಟಾಗ್ರಾಂನಲ್ಲಿ ಜಾಹೀರಾತು ಹಾಕಲು ಶುರು ಮಾಡಿದೆವು.

ಡಿಸೆಂಬರ್ ಕೊನೆಗೆ ಘಟಕ ನಡೆಸುವ ಅಕ್ಕ ತುಂಬ ಖುಷಿಯಲ್ಲಿದ್ದರು. ಆ ತಿಂಗಳ ಆರ್ಡರ್‌ಗಳಲ್ಲಿ 100ಕ್ಕೆ 41 ಹಳೆಯ ಗಿರಾಕಿಗಳದ್ದು. "ನೋಡು ಮಾರಾಯ, ಜಾಹೀರಾತಿಂದ ಬಂದವರು ಪುನಃ ಪುನಃ ತೆಗೆದುಕೊಳ್ತಿದ್ದಾರೆ. ಜನವರಿಗೆ ಇನ್ನೂ ಜಾಸ್ತಿ ದುಡ್ಡು ಹಾಕುವ" ಅಂದರು. ನನಗೆ ಅದು ಸರಿ ಅನ್ನಿಸಲಿಲ್ಲ. ಹಳೆಯ ಗಿರಾಕಿಗಳ ಗುಂಪು ತಿಂಗಳು ತಿಂಗಳು ದೊಡ್ಡದಾಗುತ್ತಲೇ ಹೋಗುತ್ತದೆ, ಅಲ್ವಾ? ಅವರಿಂದ ಬರುವ ಆರ್ಡರ್ ಹೆಚ್ಚುವುದು ಸಹಜ. ಆ 41ರಲ್ಲಿ ಜಾಹೀರಾತು ನೋಡಿ ಬಂದವರು ಎಷ್ಟು, ಅದರಲ್ಲೂ ಯಾವ ತಿಂಗಳಲ್ಲಿ ಬಂದವರು ಅನ್ನುವುದು ಆ ಸಂಖ್ಯೆಯಲ್ಲಿ ಕಾಣುವುದೇ ಇಲ್ಲ. ಎರಡು ದಿನ ಕೊಡಿ ಅಂದೆ.

ಮಾಡಬೇಕಾದ್ದು ಕೊಹಾರ್ಟ್ ಟೇಬಲ್. ಹೆಸರು ದೊಡ್ಡದು, ವಿಷಯ ಸುಲಭ. ಜುಲೈಯಲ್ಲಿ ಮೊದಲ ಸಲ ಕೊಂಡವರೆಲ್ಲ ಒಂದು ಬ್ಯಾಚ್, ಆಗಸ್ಟ್‌ನವರು ಇನ್ನೊಂದು ಬ್ಯಾಚ್. ಪ್ರತಿ ಬ್ಯಾಚಿಗೆ ಒಂದು ಸಾಲು. ಮೊದಲ ಖರೀದಿಯಾಗಿ 30, 60, 90 ದಿನಗಳ ಒಳಗೆ ಅವರಲ್ಲಿ ಎಷ್ಟು ಜನ ಇನ್ನೊಮ್ಮೆ ಕೊಂಡರು ಅಂತ ಅದೇ ಸಾಲಿನಲ್ಲಿ ಬರೆಯುವುದು. ಕ್ಯಾಲೆಂಡರ್ ತಿಂಗಳ ಬದಲು ದಿನ ಎಣಿಸಿದ್ದಕ್ಕೆ ಕಾರಣ ಇದೆ. ಜುಲೈ 1ಕ್ಕೆ ಬಂದವರಿಗೂ 31ಕ್ಕೆ ಬಂದವರಿಗೂ ಮತ್ತೆ ಕೊಳ್ಳಲು ಸಮಾನ ಸಮಯ ಸಿಗಬೇಕು.

ಕಷ್ಟ ಇರುವುದು ಟೇಬಲ್‌ಗಿಂತ ಮೊದಲು. ಒಬ್ಬರೇ ಗಿರಾಕಿ ನಮ್ಮ ಶೀಟಿನಲ್ಲಿ ಮೂರು ಜನ ಆಗಿದ್ದರು. ಒಮ್ಮೆ +91 ಹಾಕಿದ ನಂಬರ್, ಒಮ್ಮೆ ಸೊನ್ನೆ ಹಾಕಿದ್ದು, ಒಮ್ಮೆ ನಡುವೆ ಜಾಗ ಬಿಟ್ಟಿದ್ದು. ಹೆಸರಿನ ಕಾಗುಣಿತವಂತೂ ಪ್ರತಿ ಸಲ ಬೇರೆ. ಹಾಗೆ ಬಿಟ್ಟರೆ ಮರಳಿ ಬಂದವರೂ ಹೊಸಬರ ಲೆಕ್ಕಕ್ಕೆ ಸೇರುತ್ತಾರೆ. ಅದಕ್ಕೆ ನಂಬರಿನ ಕೊನೆಯ ಹತ್ತು ಅಂಕಿ ಮಾತ್ರ ಉಳಿಸಿ D ಕಾಲಮ್ಮಿಗೆ ಹಾಕಿದೆ. ಅದರ ಮೇಲೆ ಅವರವರ ಮೊದಲ ಆರ್ಡರ್ ತಾರೀಕು ಹುಡುಕಿದೆ (B ಕಾಲಮ್ ಆರ್ಡರ್ ತಾರೀಕು, C ಬರೆದುಕೊಂಡ ನಂಬರ್):

```
=RIGHT(SUBSTITUTE(SUBSTITUTE(C2," ",""),"-",""),10)
=MINIFS(B:B,D:D,D2)
```

ಇನ್ನೊಂದು ಕೆಲಸವೂ ಇತ್ತು. ಹಣ ಕೊಡದೆ ವಾಪಸ್ ಕಳಿಸಿದ ಕ್ಯಾಶ್ ಆನ್ ಡೆಲಿವರಿ ಪಾರ್ಸೆಲ್‌ಗಳನ್ನು ತೆಗೆದುಹಾಕಿದೆ. ಪೊಟ್ಟಣವನ್ನೇ ತೆಗೆದುಕೊಳ್ಳದವರು ಗಿರಾಕಿ ಅಲ್ಲ.

ಮೊದಲ ಸಲ ಟೇಬಲ್ ಮಾಡಿದಾಗ ನಾನೇ ಒಂದು ತಪ್ಪು ಮಾಡಿದ್ದೆ. ಜಾಹೀರಾತಿನ ಲಿಂಕಿನಲ್ಲಿ `utm_source=instagram` ಅಂತ ಇರುತ್ತದೆ, ಅದರಿಂದ ಯಾರು ಹೇಗೆ ಬಂದರು ಅಂತ ಗೊತ್ತಾಗುತ್ತದೆ. ಆದರೆ ಎರಡನೇ ಸಲ ಅದೇ ಗಿರಾಕಿ ಸುಮ್ನೆ ವಾಟ್ಸಾಪ್‌ನಲ್ಲಿ "ಎರಡು ಲೀಟರ್ ಕಳಿಸಿ" ಅಂತ ಬರೆಯುತ್ತಾರೆ. ನಾನು ಆ ಆರ್ಡರನ್ನು ವಾಟ್ಸಾಪ್ ಲೆಕ್ಕಕ್ಕೆ ಸೇರಿಸಿದ್ದೆ. ಜಾಹೀರಾತಿನವರು ಯಾರೂ ಮರಳಿ ಬರುತ್ತಿಲ್ಲ ಅನ್ನುವ ಹಾಗೆ ಕಂಡಿತು. ಮೊದಲ ಸಲ ಎಲ್ಲಿಂದ ಬಂದರೋ ಆ ಗುರುತು ಆ ಗಿರಾಕಿಗೆ ಕೊನೆಯವರೆಗೂ ಇರಬೇಕು. ಅದನ್ನು ಸರಿ ಮಾಡಿದ ಮೇಲೆ, ಜನವರಿ 1ಕ್ಕೆ, ಜಾಹೀರಾತಿನಿಂದ ಬಂದವರ ಟೇಬಲ್ ಹೀಗಿತ್ತು. ಒಂದೊಂದು ಮನೆಯಲ್ಲೂ ಅಷ್ಟು ದಿನಗಳ ಒಳಗೆ ಇನ್ನೊಮ್ಮೆ ಕೊಂಡ ಜನರ ಸಂಖ್ಯೆ, ಪಕ್ಕದಲ್ಲಿ ಶೇಕಡಾವಾರು.

| ಬ್ಯಾಚ್ | ಹೊಸಬರು | 30 ದಿನ | 60 ದಿನ | 90 ದಿನ |
|---|---|---|---|---|
| ಜುಲೈ | 120 | 12 (10%) | 22 (18%) | 27 (23%) |
| ಆಗಸ್ಟ್ | 150 | 14 (9%) | 24 (16%) | 30 (20%) |
| ಸೆಪ್ಟೆಂಬರ್ | 210 | 12 (6%) | 19 (9%) | 23 (11%) |
| ಅಕ್ಟೋಬರ್ | 260 | 10 (4%) | 18 (7%) | – |
| ನವೆಂಬರ್ | 240 | 11 (5%) | – | – |

ಅಕ್ಕನಿಗೆ ತೋರಿಸಿದಾಗ ಅವರ ಕಣ್ಣು ಮೊದಲು ಹೋದದ್ದು ಪ್ರತಿ ಸಾಲಿನ ಕೊನೆಯ ಸಂಖ್ಯೆಗೆ. ಜುಲೈಗೆ 23%, ನವೆಂಬರ್‌ಗೆ 5%. "ಅಯ್ಯೋ, ಇಷ್ಟು ಇಳಿಯಿತಾ?" ಅಂದರು. ಹಾಗೆ ಓದಬಾರದು. ನವೆಂಬರ್‌ನವರಿಗೆ ಸಿಕ್ಕಿದ್ದೇ 30 ದಿನ. ಒಂದು ಕಾಲಮ್ ಹಿಡಿದು ಮೇಲಿನಿಂದ ಕೆಳಗೆ ಓದಬೇಕು, ಆಗ ಒಂದೇ ವಯಸ್ಸಿನ ಬ್ಯಾಚ್‌ಗಳನ್ನು ಹೋಲಿಸಿದ ಹಾಗಾಗುತ್ತದೆ. 30 ದಿನದ ಕಾಲಮ್ಮಿನಲ್ಲಿ 10, 9, ಆಮೇಲೆ 6, 4, 5. ಹಾಗೆ ಓದಿದರೂ ಇಳಿಕೆ ಇದೆ. ಅದು ಶುರುವಾದದ್ದು ಸೆಪ್ಟೆಂಬರ್‌ನಲ್ಲಿ. ಖಾಲಿ ಮನೆಗಳನ್ನು ಖಾಲಿಯೇ ಬಿಟ್ಟಿದ್ದೆ. ದಿನ ತುಂಬದ ಬ್ಯಾಚಿನ ಅರ್ಧ ಲೆಕ್ಕ ಅಲ್ಲಿ ಬರೆದರೆ ಓದುವವರು ಖಂಡಿತ ಮೋಸ ಹೋಗುತ್ತಾರೆ.

ಈಗ ಕಾರಣ ಹುಡುಕಬೇಕು. ಆ ತಿಂಗಳು ಎಣ್ಣೆಯ ಡಬ್ಬಿ ಸೋರಿತೇ, ಕೊರಿಯರ್ ತಡ ಆಯಿತೇ? ಹಾಗಿದ್ದರೆ ಎಲ್ಲ ಗಿರಾಕಿಗಳೂ ದೂರ ಹೋಗಬೇಕಿತ್ತು. ಅದಕ್ಕೇ ನೆಂಟರು, ಸ್ನೇಹಿತರು ಹೇಳಿ ಬಂದವರದ್ದೂ ಇಂಥದೇ ಒಂದು ಟೇಬಲ್ ಮಾಡಿದೆ. ಅಲ್ಲಿ 90 ದಿನದ ಲೆಕ್ಕ ಮೂರು ಬ್ಯಾಚಿಗೂ 35 ಮತ್ತು 38 ಶೇಕಡದ ನಡುವೆಯೇ ಇತ್ತು. ಸರಕು ಸರಿ ಇದೆ, ಕಳಿಸುವುದೂ ಸರಿ ಇದೆ. ಬದಲಾದದ್ದು ಜಾಹೀರಾತು ಕರೆದು ತರುವ ಜನ.

ಸೆಪ್ಟೆಂಬರ್‌ನಲ್ಲಿ ನಾವು ಹೊಸದಾಗಿ ಮಾಡಿದ್ದು ಒಂದೇ: ಹಪ್ಪಳ, ಉಪ್ಪಿನಕಾಯಿ ಸೇರಿಸಿದ ಕಾಂಬೊ, ಮೊದಲ ಆರ್ಡರ್‌ಗೆ ಅರ್ಧ ಬೆಲೆ. ಸೆಪ್ಟೆಂಬರ್‌ನ 210 ಜನರನ್ನು ಮೊದಲು ಏನು ಕೊಂಡರು ಅಂತ ಬೇರೆ ಮಾಡಿದೆ. ಎಣ್ಣೆಯ ಜಾಹೀರಾತಿನಿಂದ ಬಂದ 80 ಜನರಲ್ಲಿ 16 ಜನ 90 ದಿನದೊಳಗೆ ಮತ್ತೆ ಕೊಂಡಿದ್ದರು. ಅಂದರೆ 20%, ಆಗಸ್ಟ್‌ನಷ್ಟೇ. ಕಾಂಬೊಗೆ ಬಂದ 130 ಜನರಲ್ಲಿ ಮರಳಿದ್ದು 7 ಜನ.

ಅಕ್ಕನಿಗೆ ಕಾಂಬೊ ಇಷ್ಟವಾಗಿದ್ದಕ್ಕೂ ಕಾರಣ ಇತ್ತು. ಅದರಲ್ಲಿ ಒಬ್ಬ ಹೊಸ ಗಿರಾಕಿಗೆ ಜಾಹೀರಾತಿನ ಖರ್ಚು 140 ರೂಪಾಯಿ, ಎಣ್ಣೆಯದ್ದಕ್ಕೆ 310. ಆದರೆ ಮರಳಿ ಬಂದವರ ಮೇಲೆ ಭಾಗಿಸಿದರೆ ಲೆಕ್ಕ ತಿರುಗುತ್ತದೆ. ಎಣ್ಣೆಗೆ 24,800 ರೂಪಾಯಿ ಹಾಕಿ 16 ಜನ ಸಿಕ್ಕರು, ತಲಾ 1,550. ಕಾಂಬೊಗೆ 18,200 ಹಾಕಿ 7 ಜನ, ತಲಾ 2,600. ಇದನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅರ್ಧ ಬೆಲೆಯಿಂದ ಮೊದಲ ಪೊಟ್ಟಣದಲ್ಲೇ ಆದ ನಷ್ಟವನ್ನು ನಾನು ಇನ್ನೂ ಸೇರಿಸಿರಲಿಲ್ಲ.

7 ಜನ ಅನ್ನುವುದು ಸಣ್ಣ ಸಂಖ್ಯೆ. ಇನ್ನು ಐದು ಜನ ಮರಳಿದ್ದರೂ ಕಾಂಬೊ ಎಣ್ಣೆಗೆ ಸಮವಾಗುತ್ತಿತ್ತು. ಅದಕ್ಕೆ ಬರೀ ಟೇಬಲ್ ನಂಬಿ ಕೂರದೆ, ಕಾಂಬೊ ಕೊಂಡ ಹನ್ನೆರಡು ಜನರಿಗೆ ಫೋನ್ ಮಾಡಿದೆ. ಬೆಂಗಳೂರಿನ ಒಬ್ಬರು, "ಓ, ನಿಮ್ದಾ? ಹಪ್ಪಳ ಚೆನ್ನಾಗಿತ್ತು. ಅರ್ಧ ಬೆಲೆ ಮತ್ತೆ ಯಾವಾಗ ಹಾಕ್ತೀರಿ?" ಅಂದರು. ಪುಣೆಯ ಒಬ್ಬರು ನಾದಿನಿ ಮನೆಗೆ ಉಡುಗೊರೆ ಕಳಿಸಿದ್ದರು, ಅವರ ಮನೆಗೆ ಹಪ್ಪಳ ಊರಿಂದಲೇ ಬರುತ್ತದಂತೆ. ಯಾರೂ ಸರಕಿನ ಬಗ್ಗೆ ದೂರು ಹೇಳಲಿಲ್ಲ. ಇನ್ನೂ ಇಬ್ಬರು ಹಳೆಯ ಹಪ್ಪಳವೇ ಮುಗಿದಿಲ್ಲ ಅಂದರು. ಈ ಮಾತು ನನಗೆ ಮುಖ್ಯ ಅನ್ನಿಸಿತು. ಎಣ್ಣೆ ದಿನಾ ಒಗ್ಗರಣೆಗೆ ಬೇಕು, ಒಂದೆರಡು ತಿಂಗಳಲ್ಲಿ ಖಾಲಿ. ಹಪ್ಪಳದ ಕಟ್ಟು ಡಬ್ಬದಲ್ಲಿ ಆರು ತಿಂಗಳು ಕೂರಬಹುದು. ಹಪ್ಪಳಕ್ಕೆ ಬಂದವರನ್ನು 90 ದಿನದಲ್ಲಿ ಅಳೆದದ್ದು ಸ್ವಲ್ಪ ಅವಸರವೇ. ಆ ಬ್ಯಾಚಿಗೆ 180 ದಿನದ ಕಾಲಮ್ ಸೇರಿಸಿದ್ದೇನೆ.

ಜನವರಿಗೆ ಅಕ್ಕ ಜಾಹೀರಾತಿನ ದುಡ್ಡು ಹೆಚ್ಚಿಸಲಿಲ್ಲ. ಅರ್ಧ ಬೆಲೆಯ ಕಾಂಬೊ ನಿಲ್ಲಿಸಿದರು, ಅದೇ ದುಡ್ಡು ಎಣ್ಣೆಗೆ ಹೋಯಿತು. ಎಣ್ಣೆಯ ಜೊತೆ ನಾಲ್ಕು ಹಪ್ಪಳ ರುಚಿಗೆ ಅಂತ ಇಡುತ್ತಿದ್ದೇವೆ. ಅಕ್ಟೋಬರ್ 31ಕ್ಕೆ ಬಂದವರಿಗೂ 90 ದಿನ ತುಂಬಿದ್ದು ಜನವರಿ 29ಕ್ಕೆ. ಮರುದಿನ ಬೆಳಿಗ್ಗೆ ಆ ಖಾಲಿ ಮನೆ ತುಂಬಿಸಿದೆ: 21 ಜನ, 8%.