ಮಿತಿಯೊಳಗೇ ಇದ್ದು ಜಾರುವ ಕ್ಯೂಸಿ: ಗ್ಲೂಕೋಸ್ ಚಾರ್ಟಿನ ಒಂದು ಪ್ರಸಂಗ

ಲ್ಯಾಬಿನಲ್ಲಿ ಬೆಳಿಗ್ಗೆ ಕ್ಯೂಸಿ ಹಾಕಿ, ಅಂದರೆ ಪ್ರಮಾಣ ಮೊದಲೇ ಗೊತ್ತಿರುವ ಕಂಟ್ರೋಲ್ ದ್ರಾವಣವನ್ನು ಯಂತ್ರದಲ್ಲಿ ಓಡಿಸಿ, ಅಂಕಿ ಮಿತಿಯೊಳಗಿದ್ದರೆ ಟಿಕ್ ಮಾಡಿ ಸ್ಯಾಂಪಲ್ ಏರಿಸುವುದು ಎಲ್ಲರಿಗೂ ರೂಢಿ. ಆ ಮಿತಿ ಎಲ್ಲಿಂದ ಬಂತು ಅಂತ ಕೇಳಿದರೆ ಮಾತ್ರ ಉತ್ತರ ತಡವರಿಸುತ್ತದೆ. ಹೆಚ್ಚಿನ ಕಡೆ ಅದು ಕಂಟ್ರೋಲ್ ಬಾಟಲಿಯ ಜೊತೆ ಬಂದ ಚೀಟಿಯಿಂದ ಎತ್ತಿಕೊಂಡದ್ದಾಗಿರುತ್ತದೆ.

ಚೀಟಿಯ ರೇಂಜ್ ಅಗಲವಾಗಿರುವುದಕ್ಕೆ ಕಾರಣವಿದೆ. ಬೇರೆ ಬೇರೆ ಲ್ಯಾಬುಗಳ ಯಂತ್ರಗಳಿಗೆಲ್ಲ ಒಗ್ಗಬೇಕು ಅಂತ ಅದನ್ನು ಹಾಗೆ ಹಿಗ್ಗಿಸಿರುತ್ತಾರೆ. ನಮ್ಮ ಗ್ಲೂಕೋಸ್ ಪರೀಕ್ಷೆಯಲ್ಲಿ ಕೆಳಗಿನ ಲೆವೆಲ್ ಕಂಟ್ರೋಲಿನ ಸರಾಸರಿ ಡೆಸಿಲೀಟರಿಗೆ 100 ಮಿಲಿಗ್ರಾಂ. ಚೀಟಿಯಲ್ಲಿ 90ರಿಂದ 110 ಅಂತಿತ್ತು. ದಿನದಿಂದ ದಿನಕ್ಕೆ ನಮ್ಮ ಯಂತ್ರದ ಏರಿಳಿತದ ಎಸ್‌ಡಿ, ಅಂದರೆ ಅಂಕಿಗಳು ಸರಾಸರಿಯ ಸುತ್ತ ಎಷ್ಟು ಚದುರುತ್ತವೆ ಅನ್ನುವ ಅಳತೆ, 2. ಅಂದರೆ ಚೀಟಿಯ ಮಿತಿ ನಮ್ಮ ಪಾಲಿಗೆ 5 ಎಸ್‌ಡಿಯಷ್ಟು ದೂರ. ಅಷ್ಟು ದೂರದ ಬೇಲಿ ದಾಟುವ ಹೊತ್ತಿಗೆ ಎಷ್ಟೋ ರಿಪೋರ್ಟ್‌ಗಳು ಕೈಬಿಟ್ಟು ಹೋಗಿರುತ್ತವೆ.

ಇದಕ್ಕೆ ತದ್ವಿರುದ್ಧವಾದ ತಪ್ಪೂ ಉಂಟು. ಹೊಸದಾಗಿ ಸೇರಿದ ಹುಡುಗರು ಉತ್ಸಾಹದಲ್ಲಿ ಒಂದೇ ದಿನ ಒಂದೇ ಕಂಟ್ರೋಲನ್ನು 20 ಸಲ ಓಡಿಸಿ ಎಸ್‌ಡಿ ತೆಗೆದುಬಿಡುತ್ತಾರೆ. ಹಾಗೆ ಮಾಡಿದರೆ ನಮ್ಮಲ್ಲಿ ಬರುವುದು 0.9ರ ಆಸುಪಾಸು. ಅದು ಒಂದೇ ರನ್ನಿನ ಒಳಗಿನ ಏರಿಳಿತ ಮಾತ್ರ. ಯಂತ್ರಕ್ಕೆ ಅಳತೆ ಹೊಂದಿಸುವ ಕ್ಯಾಲಿಬ್ರೇಷನ್ ಬದಲಾದದ್ದು, ರಿಯೇಜೆಂಟಿನ ಹೊಸ ಬಾಟಲಿ ತೆರೆದದ್ದು, ಕಂಟ್ರೋಲನ್ನು ಬೇರೆಯವರು ಕಲಸಿದ್ದು ಯಾವುದೂ ಅದರಲ್ಲಿ ಸೇರಿಲ್ಲ. ಆ ಅಂಕಿಯಿಂದ ಮಿತಿ ಕಟ್ಟಿದರೆ ಯಂತ್ರ ಚೆನ್ನಾಗಿರುವ ದಿನವೂ ಕ್ಯೂಸಿ ಫೇಲ್ ಆಗುತ್ತದೆ. ಆಮೇಲೆ ಪಾಸಾಗುವ ತನಕ ಮತ್ತೆ ಮತ್ತೆ ಓಡಿಸುವ ಚಟ ಹತ್ತಿಕೊಳ್ಳುತ್ತದೆ. ನನ್ನ ಪ್ರಕಾರ ಅಗಲ ಮಿತಿಗಿಂತ ಇದೇ ಅಪಾಯ. ಎರಡನೇ ಸಲ ಪಾಸಾಯಿತು ಅಂತ ಮೊದಲ ಅಂಕಿಯನ್ನು ಬರೆಯದೆ ಬಿಟ್ಟರೆ ಚಾರ್ಟ್ ಸುಳ್ಳು ಹೇಳಲು ಶುರುಮಾಡುತ್ತದೆ.

ಹಾಗಾಗಿ ದಿನಕ್ಕೊಂದರಂತೆ ಕನಿಷ್ಠ 20 ದಿನದ ಅಂಕಿ ಬೇಕು. ಸ್ಪ್ರೆಡ್‌ಶೀಟಿನಲ್ಲಿ ಸರಾಸರಿಗೆ `AVERAGE`, ಎಸ್‌ಡಿಗೆ `STDEV.S` ಸಾಕು. 20 ಅಂಕಿಯಿಂದ ಬಂದ ಎಸ್‌ಡಿ ಸಹ ಗಟ್ಟಿಯಲ್ಲ. ನಿಜವಾದದ್ದು ಅದರ ಮುಕ್ಕಾಲು ಪಾಲಿನಿಂದ ಹಿಡಿದು ಸುಮಾರು ಒಂದೂವರೆ ಪಟ್ಟಿನವರೆಗೆ ಎಲ್ಲಿ ಬೇಕಾದರೂ ಇರಬಹುದು. ಅದನ್ನು ತಾತ್ಕಾಲಿಕ ಅಂತಲೇ ಇಟ್ಟುಕೊಂಡು ಕೆಲವು ತಿಂಗಳ ಅಂಕಿ ಕೂಡಿದ ಮೇಲೆ ಮತ್ತೆ ಲೆಕ್ಕ ಹಾಕಬೇಕು. ಲೆಕ್ಕ ಹಾಕುವಾಗ 2 ಎಸ್‌ಡಿ ಹೊರಗೆ ಹೋದದ್ದನ್ನೆಲ್ಲ ಕಿತ್ತು ಹಾಕುವುದು ಬೇಡ. ಸುಮಾರು ಇಪ್ಪತ್ತರಲ್ಲಿ ಒಂದು ಸಹಜವಾಗಿಯೇ ಹೊರಗೆ ಬೀಳುತ್ತದೆ. ಗಾಳಿಗುಳ್ಳೆ ಸಿಕ್ಕಿತು, ತಪ್ಪು ಬಾಟಲಿ ಇಟ್ಟರು ಅನ್ನುವಂಥ ಕಾರಣ ಗೊತ್ತಿದ್ದರೆ ಮಾತ್ರ ತೆಗೆಯಬೇಕು.

ಈಗ ಪ್ರಸಂಗಕ್ಕೆ ಬರುತ್ತೇನೆ. ಮೇಲಿನ ಲೆವೆಲ್ ಕಂಟ್ರೋಲಿನ ಸರಾಸರಿ 300, ಎಸ್‌ಡಿ 5. ಕ್ಯಾಲಿಬ್ರೇಷನ್ ವಾರಕ್ಕೊಮ್ಮೆ, ಸೋಮವಾರ. ಎರಡನೇ ವಾರದ ಅಂಕಿಗಳು 297ರ ಸುತ್ತ ಬಂದವು, ಯಾರೂ ಗಮನಿಸಲಿಲ್ಲ, ಗಮನಿಸುವಂಥದ್ದೂ ಅಲ್ಲ. ಮೂರನೇ ವಾರ ಸೋಮವಾರದಿಂದ ಗುರುವಾರದವರೆಗೆ 293, 294, 292, 294. ಒಂದೂ 290ರ ಕೆಳಗಿಲ್ಲ, ಅಂದರೆ 2 ಎಸ್‌ಡಿ ಗೆರೆ ದಾಟಿಲ್ಲ. ಆದರೆ ನಾಲ್ಕೂ 295ರ ಕೆಳಗೆ, ಅಂದರೆ ಸತತ ನಾಲ್ಕು ಒಂದೇ ಬದಿಯಲ್ಲಿ 1 ಎಸ್‌ಡಿಗಿಂತ ಆಚೆ. ಕ್ಯೂಸಿ ಅಂಕಿ ಯಾವಾಗ ಶಂಕೆಗೆ ಕಾರಣ ಅಂತ ಹೇಳುವ ವೆಸ್ಟ್‌ಗಾರ್ಡ್ ನಿಯಮಗಳಲ್ಲಿ ಇದಕ್ಕೊಂದು ನಿಯಮವೇ ಇದೆ. ಸರಾಸರಿಯ ಒಂದೇ ಬದಿಗೆ ಸತತ ಹತ್ತು ಬಿದ್ದರೆ ಅನ್ನುವುದು ಇನ್ನೊಂದು. ಯಂತ್ರ ನಿಧಾನಕ್ಕೆ ಜಾರುವುದನ್ನು ಹಿಡಿಯುವುದು ಹೆಚ್ಚಾಗಿ ಇಂಥವೇ. 3 ಎಸ್‌ಡಿ ನಿಯಮ ದೊಡ್ಡ ಏಟಿಗೆ ಮಾತ್ರ ಎಚ್ಚರಗೊಳ್ಳುತ್ತದೆ.

"ಸರ್, ಇನ್ನೊಂದ್ಸಲ ಕ್ಯಾಲಿಬ್ರೇಟ್ ಮಾಡಿಬಿಡ್ಲಾ?" ಅಂತ ಟೆಕ್ನಿಷಿಯನ್ ಕೇಳಿದ.

"ತಡಿ, ಮೊದ್ಲು ಚಾರ್ಟಲ್ಲಿ ಸೋಮವಾರಗಳಿಗೆಲ್ಲ ಒಂದು ನಿಲುವು ಗೆರೆ ಎಳಿ."

ಗೆರೆ ಎಳೆದ ಮೇಲೆ ಚಿತ್ರವೇ ಬದಲಾಯಿತು. ಇಳಿಜಾರಿನಂತೆ ಕಾಣುತ್ತಿದ್ದದ್ದು ಮೆಟ್ಟಿಲಾಗಿತ್ತು. ವಾರದೊಳಗೆ ಅಂಕಿ ಸಮತಟ್ಟು, ಸೋಮವಾರಕ್ಕೊಂದು ಮೆಟ್ಟಿಲು ಕೆಳಗೆ. ದೀಪ ಹಳತಾಗುತ್ತಿದ್ದರೆ ಅಥವಾ ರಿಯೇಜೆಂಟ್ ಕೆಡುತ್ತಿದ್ದರೆ ವಾರದೊಳಗೂ ಇಳಿಯಬೇಕಿತ್ತು, ಸೋಮವಾರ ಕ್ಯಾಲಿಬ್ರೇಷನ್ ಆದಾಗ ಮೇಲೆ ಹಾರಬೇಕಿತ್ತು. ಇಲ್ಲಿ ಕ್ಯಾಲಿಬ್ರೇಷನ್ನೇ ಇಳಿಸುತ್ತಿತ್ತು. ಇನ್ನೊಂದು ಸುಳಿವು ಎರಡೂ ಲೆವೆಲ್‌ಗಳಲ್ಲಿತ್ತು: 100ರದ್ದು 98ಕ್ಕೆ, 300ರದ್ದು 294ಕ್ಕೆ ಇಳಿದಿತ್ತು, ಎರಡೂ ಶೇಕಡ 2. ಸೊನ್ನೆಯ ಮಟ್ಟ ಗುರುತಿಸುವ ಬ್ಲಾಂಕ್ ಕೆಟ್ಟಿದ್ದರೆ ಎರಡರಲ್ಲೂ ಹೆಚ್ಚು ಕಡಿಮೆ ಅಷ್ಟೇ ಮಿಲಿಗ್ರಾಂ ಇಳಿಯುತ್ತಿತ್ತು. ಶೇಕಡ ಒಂದೇ ಆಗಿದ್ದರೆ ಗುಣಿಸುವ ಅಂಶದಲ್ಲೇ ಏನೋ ಆಗಿದೆ ಅಂತ ಅರ್ಥ.

ಶಂಕೆ ಕ್ಯಾಲಿಬ್ರೇಟರ್ ಮೇಲೆ, ಅಂದರೆ ಕ್ಯಾಲಿಬ್ರೇಷನ್ನಿಗೆ ಬಳಸುವ ದ್ರಾವಣದ ಮೇಲೆ ಹೋಯಿತು. ಮೂರೂ ಸೋಮವಾರ ಅದೇ 3 ಮಿಲಿಲೀಟರ್ ಬಾಟಲಿ ಬಳಕೆಯಾಗಿತ್ತು, ಕಪ್ಪಿಗೆ ಸುರಿಯುವ ಬದಲು ಮುಚ್ಚಳ ತೆಗೆದು ಬಾಟಲಿಯನ್ನೇ ಟ್ರೇಯಲ್ಲಿ ಇಡುತ್ತಿದ್ದರು. 60 ಮೈಕ್ರೋಲೀಟರ್ ನೀರು ಆವಿಯಾದರೆ ಶೇಕಡ 2 ಗಟ್ಟಿಯಾಗುತ್ತದೆ. ಲೇಬಲ್ಲಿನಲ್ಲಿ 200, ಒಳಗೆ 204. ಯಂತ್ರ 204ರ ಸಿಗ್ನಲನ್ನೇ 200 ಅಂತ ನಂಬಿಕೊಳ್ಳುತ್ತದೆ. ಹಾಗಾಗಿ ನಿಜವಾದ 100 ಅದಕ್ಕೆ 98 ಆಗಿ ಕಾಣುತ್ತದೆ, 300 ಅಂದರೆ 294. ಕ್ಯಾಲಿಬ್ರೇಟರ್ ಗಟ್ಟಿಯಾದರೆ ರಿಸಲ್ಟ್ ಇಳಿಯುತ್ತದೆ ಅನ್ನುವ ಈ ತಿರುಗುಮುರುಗು ಲೆಕ್ಕ ಒಂದೇಟಿಗೆ ತಲೆಗೆ ಹೋಗುವುದಿಲ್ಲ, ಕಾಗದದ ಮೇಲೆ ಬರೆದು ನೋಡಬೇಕು. ಕಂಟ್ರೋಲೇ ಆವಿಯಾಗಿದ್ದರೆ ಅದರ ಅಂಕಿ ಮೇಲೇರುತ್ತಿತ್ತು, ರೋಗಿಗಳ ರಿಸಲ್ಟ್ ಕೆಡುತ್ತಿರಲಿಲ್ಲ.

ಆದರೂ ಪರೀಕ್ಷಿಸದೆ ನಂಬುವಂತಿಲ್ಲ. ಮೊದಲು ಕಂಟ್ರೋಲಿನ ಹೊಸ ಬಾಟಲಿ ತೆರೆದು ಹಾಕಿದೆವು: 98, 294. ಕಂಟ್ರೋಲಿನದು ತಪ್ಪಲ್ಲ ಅಂತಾಯಿತು. ಆಮೇಲೆ ಹೊಸ ಕ್ಯಾಲಿಬ್ರೇಟರ್ ಬಾಟಲಿ ತೆರೆದು ಕ್ಯಾಲಿಬ್ರೇಟ್ ಮಾಡಿದಾಗ ಅದೇ ಕಂಟ್ರೋಲ್ 100, 299 ಕೊಟ್ಟಿತು. ಒಂದು ಸಲಕ್ಕೆ ಒಂದನ್ನೇ ಬದಲಿಸಿದ್ದರಿಂದ ಇಷ್ಟು ತಿಳಿಯಿತು. ಟೆಕ್ನಿಷಿಯನ್ ಹೇಳಿದಂತೆ ಹಳೇ ಬಾಟಲಿಯಿಂದಲೇ ಮತ್ತೆ ಕ್ಯಾಲಿಬ್ರೇಟ್ ಮಾಡಿದ್ದರೆ ಅದೇ 294 ಬರುತ್ತಿತ್ತು, ಬಾಟಲಿ ಇನ್ನೊಂದಿಷ್ಟು ಹೊತ್ತು ಬಾಯಿ ತೆರೆದು ಕೂರುತ್ತಿತ್ತು.

ಶೇಕಡ 2 ಏನು ಮಹಾ ಅಂತ ಅನಿಸಬಹುದು. ಖಾಲಿ ಹೊಟ್ಟೆಯ ಗ್ಲೂಕೋಸ್ 126 ಅಥವಾ ಹೆಚ್ಚಿದ್ದರೆ ಮಧುಮೇಹದ ಗೆರೆ. ನಿಜಕ್ಕೂ 127 ಇದ್ದವರಿಗೆ ಆ ವಾರ 124 ಅಥವಾ 125 ಅಂತ ರಿಪೋರ್ಟ್ ಹೋಗುತ್ತಿತ್ತು. ಗೆರೆಯ ಹತ್ತಿರ ಬಂದಿದ್ದ ಸ್ಯಾಂಪಲ್‌ಗಳನ್ನು ಫ್ರಿಜ್ಜಿನಿಂದ ತೆಗೆದು ಮತ್ತೆ ಓಡಿಸಿದೆವು. ಬೇರ್ಪಡಿಸಿದ ಪ್ಲಾಸ್ಮಾ ಫ್ರಿಜ್ಜಿನಲ್ಲಿ ಎರಡು ಮೂರು ದಿನವಷ್ಟೇ ನೆಚ್ಚಬಹುದಾದ್ದರಿಂದ ಅದಕ್ಕಿಂತ ಹಳೆಯವನ್ನು ಮುಟ್ಟಲಿಲ್ಲ. ಅವುಗಳ ಬಗ್ಗೆ ವೈದ್ಯರಿಗೆ ತಿಳಿಸಿದೆವು.

ಆ ಎರಡು ವಾರದ ಚುಕ್ಕೆಗಳು ಚಾರ್ಟಿನಲ್ಲಿ ಹಾಗೇ ಇವೆ, ಪಕ್ಕದಲ್ಲಿ ಕಾರಣ ಬರೆದಿದೆ. ತಿಂಗಳ ಕೊನೆಗೆ ಸರಾಸರಿ ಮತ್ತು ಎಸ್‌ಡಿ ಹೊಸದಾಗಿ ಕಟ್ಟುವಾಗ ಮಾತ್ರ ಅವನ್ನು ಹೊರಗಿಟ್ಟೆವು. ಸೇರಿಸಿದ್ದರೆ ಸರಾಸರಿ ಕೆಳಗಿಳಿದು, ಎಸ್‌ಡಿ ಉಬ್ಬಿ, 294 ಅನ್ನುವುದು ಸಹಜ ಅಂಕಿಯ ಹಾಗೆ ಕಾಣಲು ಶುರುವಾಗುತ್ತಿತ್ತು. ಕ್ಯಾಲಿಬ್ರೇಷನ್ ದಿನಕ್ಕೆ, ರಿಯೇಜೆಂಟ್ ಲಾಟ್ ಬದಲಾದ ದಿನಕ್ಕೆ ನಿಲುವು ಗೆರೆ ಎಳೆಯುವುದು ಈಗ ಚಾರ್ಟ್ ತುಂಬಿಸುವವರ ಕೆಲಸದಲ್ಲೇ ಸೇರಿದೆ. ಕ್ಯಾಲಿಬ್ರೇಟರನ್ನು ಕಪ್ಪಿಗೆ ಸುರಿದ ಕೂಡಲೇ ಬಾಟಲಿಗೆ ಮುಚ್ಚಳ ಹಾಕುವುದೂ ಸೇರಿದೆ.