ಕೂಗಾಡದೆ ಕುಳಿತಿದ್ದ ತಾಯಿ

ಏಪ್ರಿಲ್ ತಿಂಗಳ ಕೊನೆ ಬಂತೆಂದರೆ ನಮ್ಮ ಕೋಲಾರ ಜಿಲ್ಲೆಯಲ್ಲಿ ಕಿಡ್ನಿ ಕಲ್ಲಿನ ನೋವು ಎಂದು ಬರುವವರ ಸಂಖ್ಯೆ ಏರುತ್ತದೆ. ಟೊಮೆಟೊ ತೋಟದಲ್ಲಿ ಬೆಳಗಿನಿಂದ ಸಂಜೆಯವರೆಗೆ ಬಿಸಿಲಿನಲ್ಲಿ ದುಡಿಯುವವರ ದೇಹದ ನೀರೆಲ್ಲ ಬೆವರಾಗಿ ಹೋಗಿ, ಮೂತ್ರ ಗಟ್ಟಿಯಾಗಿ, ಅದರಲ್ಲಿರುವ ಲವಣಗಳು ಹರಳುಗಟ್ಟಲು ಅವಕಾಶವಾಗುತ್ತದೆ. ಮುಳಬಾಗಿಲಿನಲ್ಲಿ ನಾನು ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಮಾಡಲು ಆರಂಭಿಸಿದ ಎರಡನೆಯ ಬೇಸಿಗೆಯಲ್ಲಿ, ಅಂಥ ಒಂದು ಸೋಮವಾರ ಬೆಳಿಗ್ಗೆ, ಒಂದೇ ಬೆಂಚಿನ ಮೇಲೆ ಇಬ್ಬರು ಕುಳಿತಿದ್ದರು. ಅವರಲ್ಲಿ ಯಾರನ್ನು ಮೊದಲು ಒಳಗೆ ಕರೆಯಬೇಕಿತ್ತು ಎಂಬುದನ್ನು ನಾನು ಅಂದು ತಪ್ಪಾಗಿ ನಿರ್ಧರಿಸಿದೆ.

ಒಬ್ಬ ಸುಮಾರು 25 ವರ್ಷದ ಯುವಕ. ಅವನು ಕುಳಿತಿದ್ದ ಎನ್ನುವುದಕ್ಕಿಂತ ಹೊರಳಾಡುತ್ತಿದ್ದ ಎನ್ನಬೇಕು. ಎಡ ಪಕ್ಕೆಯನ್ನು ಅದುಮಿ ಹಿಡಿದು ಏಳುವುದು, ಗೋಡೆಗೆ ಒರಗುವುದು, ಮತ್ತೆ ನೆಲದ ಮೇಲೆ ಕೂರುವುದು, ಹೀಗೆ ಒಂದು ಭಂಗಿಯಲ್ಲಿ ಎರಡು ನಿಮಿಷ ನಿಲ್ಲಲು ಅವನಿಗೆ ಆಗುತ್ತಿರಲಿಲ್ಲ. ಅವನ ಪಕ್ಕದಲ್ಲಿ ಹಳ್ಳಿಯಿಂದ ಮಗನೊಂದಿಗೆ ಬಂದಿದ್ದ, 50ರ ಆಸುಪಾಸಿನ ಒಬ್ಬ ತಾಯಿ ತಲೆ ಬಗ್ಗಿಸಿ ಸುಮ್ಮನೆ ಕುಳಿತಿದ್ದರು. ನಾನು ಸಹಜವಾಗಿ ಯುವಕನನ್ನು ಒಳಗೆ ಕರೆದೆ. ಆ ತಾಯಿ ಇನ್ನೂ ನಲವತ್ತು ನಿಮಿಷ ಕಾದರು.

ಯುವಕನ ಸ್ಕ್ಯಾನಿನಲ್ಲಿ ಮೊದಲು ಗೊಂದಲವಾಯಿತು. ಆರೋಗ್ಯವಂತ ಕಿಡ್ನಿ ನಮ್ಮ ಪರದೆಯ ಮೇಲೆ ಹೊರಗೆ ಬೂದು ಬಣ್ಣದ ದಪ್ಪ ಅಂಚಾಗಿಯೂ ನಡುವೆ ಬೆಳ್ಳಗೆ ಒತ್ತಾದ ಒಂದು ಪಟ್ಟಿಯಾಗಿಯೂ ಕಾಣುತ್ತದೆ. ಆ ಬಿಳುಪು ಒಳಗಿನ ಕೊಬ್ಬಿನದು. ಮೂತ್ರ ಸಂಗ್ರಹವಾಗುವ ಬಟ್ಟಲುಗಳು ಅದರೊಳಗೆ ಮುದುಡಿಕೊಂಡಿರುವುದರಿಂದ ಸಾಮಾನ್ಯವಾಗಿ ಕಾಣುವುದಿಲ್ಲ. ಕೆಳಗೆ ಹರಿದುಹೋಗುವ ದಾರಿ ಕಟ್ಟಿಕೊಂಡರೆ ಮೂತ್ರ ಹಿಂದಕ್ಕೆ ನಿಂತು ಬಟ್ಟಲುಗಳು ಅರಳುತ್ತವೆ. ದ್ರವವು ಅಲ್ಟ್ರಾಸೌಂಡಿನಲ್ಲಿ ಕಪ್ಪಾಗಿ ಕಾಣುವುದರಿಂದ, ಬಿಳಿ ಪಟ್ಟಿ ಸೀಳಿದಂತಾಗಿ ನಡುವೆ ಕಪ್ಪು ತುಂಬುತ್ತದೆ. ಇದನ್ನೇ ವರದಿಯಲ್ಲಿ ಹೈಡ್ರೋನೆಫ್ರೋಸಿಸ್ ಎಂದು ಬರೆಯುತ್ತೇವೆ, ಮಾತಿನಲ್ಲಿ ಕಿಡ್ನಿ ಊದಿದೆ ಎನ್ನುತ್ತೇವೆ.

ಆ ಯುವಕನ ಎರಡೂ ಕಿಡ್ನಿಗಳ ನಡುವೆ ತೆಳುವಾದ ಕಪ್ಪು ಇತ್ತು, ಆದರೆ ನೋವಿದ್ದದ್ದು ಎಡಕ್ಕೆ ಮಾತ್ರ. ಸ್ಕ್ಯಾನಿಗೆಂದು ಅವನು ಎರಡು ಬಾಟಲಿ ನೀರು ಕುಡಿದು ಮೂತ್ರ ತಡೆದುಕೊಂಡು ಬಂದಿದ್ದ. ಮೂತ್ರಕೋಶ ಬಿಗಿಯಾಗಿ ತುಂಬಿದ್ದರೆ ಮೇಲಿನಿಂದ ಇಳಿಯುವ ಮೂತ್ರಕ್ಕೆ ಜಾಗ ಸಾಲದೆ ಕಿಡ್ನಿ ಸ್ವಲ್ಪ ಊದಿದಂತೆ ಕಾಣುವುದುಂಟು. ಆದ್ದರಿಂದ ತುಂಬಿದ ಮೂತ್ರಕೋಶ ನೋಡಿಕೊಂಡ ಮೇಲೆ ಅವನನ್ನು ಮೂತ್ರ ವಿಸರ್ಜನೆಗೆ ಕಳುಹಿಸಿ, ಬಂದ ಮೇಲೆ ಮತ್ತೆ ನೋಡಿದೆ. ಬಲಗಡೆಯ ಕಪ್ಪು ಮಾಯವಾಗಿತ್ತು, ಎಡಗಡೆಯದು ಉಳಿದಿತ್ತು. ಮೂತ್ರಕೋಶ ತುಂಬಿದ್ದಾಗಲೇ ಅದರ ಗೋಡೆಯೊಳಗೆ, ಎಡ ಮೂತ್ರನಾಳ ಬಂದು ಸೇರುವ ತುದಿಯಲ್ಲಿ, 4 ಎಂಎಂ ಕಲ್ಲು ಸಿಕ್ಕಿತ್ತು. ಕಲ್ಲು ಬೆಳ್ಳಗಿನ ಚುಕ್ಕೆಯಾಗಿ ಹೊಳೆಯುತ್ತದೆ, ಧ್ವನಿತರಂಗ ಅದನ್ನು ದಾಟಿ ಹೋಗಲಾರದ್ದರಿಂದ ಅದರ ಹಿಂದೆ ಕಪ್ಪು ನೆರಳು ಬೀಳುತ್ತದೆ. ಇಷ್ಟು ಚಿಕ್ಕ ಕಲ್ಲಿಗೆ ನೆರಳು ಸರಿಯಾಗಿ ಬೀಳದೆ ಇರುವುದೂ ಉಂಟು. ಆಗ ಹರಿವನ್ನು ಬಣ್ಣದಲ್ಲಿ ತೋರಿಸುವ ಡಾಪ್ಲರ್ ಹಾಕಿದರೆ ಕಲ್ಲಿನ ಹಿಂದೆ ಕೆಂಪು ನೀಲಿ ಬಣ್ಣಗಳು ಮಿನುಗಿ ಅದರ ಗುರುತು ಕೊಡುತ್ತವೆ.

ಜ್ವರವಿರಲಿಲ್ಲ, ಮೂತ್ರ ಚೆನ್ನಾಗಿ ಹೋಗುತ್ತಿತ್ತು, ಎರಡು ಕಿಡ್ನಿಗಳೂ ಇದ್ದವು. ಅಷ್ಟು ಕೆಳಗೆ ಇಳಿದ 4 ಎಂಎಂ ಕಲ್ಲು ಬಹುಪಾಲು ಜನರಲ್ಲಿ ಕೆಲವು ವಾರಗಳೊಳಗೆ ತಾನಾಗಿಯೇ ಹೊರಬೀಳುತ್ತದೆ. ಜ್ವರ ಅಥವಾ ಚಳಿ ನಡುಕ ಬಂದರೆ, ಮೂತ್ರ ನಿಂತರೆ, ವಾಂತಿಯಿಂದ ಮಾತ್ರೆಯೂ ಒಳಗೆ ಉಳಿಯದಿದ್ದರೆ, ಇಂಜೆಕ್ಷನ್ನಿಗೂ ನೋವು ಬಗ್ಗದಿದ್ದರೆ ಹಗಲು ರಾತ್ರಿ ನೋಡದೆ ಆಸ್ಪತ್ರೆಗೆ ಬರಬೇಕೆಂದು ಹೇಳಿ, ಅವನನ್ನು ಕಳುಹಿಸಿದ ವೈದ್ಯರ ಬಳಿಗೆ ವಾಪಸು ಕಳುಹಿಸಿದೆ.

ಅನಂತರ ಆ ತಾಯಿ ಒಳಗೆ ಬಂದರು. ಮಂಚದ ಮೇಲೆ ಮಲಗಿಸಿ ಸೆರಗು ಸರಿಸುವಾಗ ಸೀರೆಯ ಮೇಲೆ ಅವರು ಹೊದ್ದಿದ್ದ ಉಣ್ಣೆಯ ಶಾಲು ನನ್ನ ಕೈಗೆ ತಗುಲಿತು. ಹೊರಗೆ ನೆತ್ತಿ ಸುಡುವ ಬಿಸಿಲು, ಇವರಿಗೆ ಶಾಲು. ಆ ಶಾಲನ್ನು ಅವರು ಬಾಗಿಲ ಹೊರಗೆ ಕುಳಿತಿದ್ದಾಗಲೇ ನಾನು ನೋಡಬೇಕಾಗಿತ್ತು.

“ಮೂರು ದಿನದಿಂದ ಎಡಗಡೆ ನೋವು ಮೇಡಂ. ಊರಲ್ಲೇ ಇಂಜೆಕ್ಷನ್ ಹಾಕಿಸ್ದೆ. ಬಾಳೆದಿಂಡಿನ ರಸಾನೂ ಕೊಟ್ವಿ. ರಾತ್ರಿಯಿಂದ ನೋವು ಕಮ್ಮಿ ಆಗೈತೆ, ಕಲ್ಲು ಬಿದ್ದೋಯ್ತೇನೋ ಅಂತ ನೋಡಿಸೋಣ ಅಂತ ಬಂದ್ವಿ,” ಎಂದ ಮಗ. ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳಿದ್ದಕ್ಕೆ, ಎಂಟು ವರ್ಷದಿಂದ ಇದೆ ಎಂದ.

ಎಡ ಕಿಡ್ನಿಯ ಮೇಲೆ ಪ್ರೋಬ್ ಇಟ್ಟ ಕೂಡಲೇ ಊತ ಕಂಡಿತು. ಬಿಳಿ ಪಟ್ಟಿಯ ಜಾಗದಲ್ಲಿ ಅಗಲವಾದ ಒಂದು ಕಪ್ಪು ಅಂಗೈ, ಅದಕ್ಕೆ ಸೇರಿಕೊಂಡ ದಪ್ಪ ಕಪ್ಪು ಬೆರಳುಗಳು. ಹೀಗೆ ಎಲ್ಲವೂ ಒಂದಕ್ಕೊಂದು ಕೂಡಿಕೊಂಡಿರುವುದೇ ಊತದ ಗುರುತು. ಬರೀ ನೀರುಗುಳ್ಳೆಗಳಾಗಿದ್ದರೆ ಅವು ಒಂದೊಂದೂ ತಮ್ಮಷ್ಟಕ್ಕೆ ದುಂಡಗೆ ಬೇರೆಯಾಗಿ ನಿಲ್ಲುತ್ತವೆ, ರಕ್ತನಾಳಗಳಾಗಿದ್ದರೆ ಡಾಪ್ಲರ್ ಹಾಕಿದಾಗ ಬಣ್ಣ ತುಂಬುತ್ತದೆ. ಇಲ್ಲಿ ಬಣ್ಣ ತುಂಬಲಿಲ್ಲ. ಅಂಗೈಯಿಂದ ಕೆಳಗೆ ಇಳಿಯುವ ನಾಳವನ್ನು ಹಿಂಬಾಲಿಸಿದೆ. ಎರಡು ಬೆರಳಗಲ ಹೋಗುವಷ್ಟರಲ್ಲಿ 7 ಎಂಎಂ ಕಲ್ಲು ಅಡ್ಡ ಕುಳಿತಿತ್ತು, ಅದರ ನೆರಳು ಸ್ಪಷ್ಟವಾಗಿತ್ತು. ಇನ್ನಷ್ಟು ಕೆಳಗೆ ಇದ್ದಿದ್ದರೆ ಕರುಳಿನ ಗಾಳಿ ಅಡ್ಡ ಬಂದು ನನಗೆ ಕಲ್ಲು ಕಾಣದೆಯೇ ಹೋಗಬಹುದಿತ್ತು. ಮೂತ್ರನಾಳದ ನಡುಭಾಗದ ಕಲ್ಲುಗಳು ಅಲ್ಟ್ರಾಸೌಂಡಿಗೆ ಸಿಗುವುದು ಕಷ್ಟ, ಅಂಥವರಿಗೆ ಸಿಟಿ ಸ್ಕ್ಯಾನ್ ಬೇಕಾಗುತ್ತದೆ. ಆದ್ದರಿಂದ ಸ್ಕ್ಯಾನಿನಲ್ಲಿ ಕಲ್ಲು ಕಾಣಲಿಲ್ಲ ಎಂಬುದನ್ನು ಕಲ್ಲಿಲ್ಲ ಎಂದು ಓದಿಕೊಳ್ಳಬಾರದು.

ಆದರೆ ನನ್ನ ಗಮನ ಕಲ್ಲಿನ ಮೇಲೆ ನಿಲ್ಲಲಿಲ್ಲ. ಆ ಕಪ್ಪು ಅಚ್ಚ ಕಪ್ಪಾಗಿರಲಿಲ್ಲ. ಅದರೊಳಗೆ ಗಂಜಿಯ ತಿಳಿಯಲ್ಲಿ ತೇಲುವ ನುಚ್ಚಿನಂತೆ ಸಣ್ಣ ಸಣ್ಣ ಬೂದು ಕಣಗಳಿದ್ದವು. ಅವರನ್ನು ಬಲ ಮಗ್ಗುಲಿಗೆ ಹೊರಳಿಸಿ ಸ್ವಲ್ಪ ಹೊತ್ತು ಕಾದಾಗ ಆ ಕಣಗಳು ಜರುಗಿ, ಕೆಳಭಾಗಕ್ಕೆ ಬಂದು ಮಡ್ಡಿಯಾಗಿ ಕುಳಿತವು. ಕಟ್ಟಿಕೊಂಡ ಕಿಡ್ನಿಯಲ್ಲಿ ಕೀವು ತುಂಬುತ್ತಿದ್ದಾಗ ಕಾಣುವ ಚಿತ್ರ ಇದು. ನೀರು ಅಚ್ಚ ಕಪ್ಪಾಗಿ ಕಂಡ ಮಾತ್ರಕ್ಕೆ ಸೋಂಕಿಲ್ಲ ಎನ್ನಲು ಬರುವುದಿಲ್ಲ. ಊತವೂ ಜ್ವರವೂ ಒಟ್ಟಿಗೆ ಇದ್ದರೆ ಕಣಗಳು ಕಾಣದಿದ್ದರೂ ಸೋಂಕಿದೆಯೆಂದೇ ಹಿಡಿದು ನಡೆಯಬೇಕು. ಕೊನೆಗೆ ಮೂತ್ರಕೋಶದ ಮೇಲೆ ಡಾಪ್ಲರ್ ಹಾಕಿ ಕೆಲವು ನಿಮಿಷ ಕಾದೆ. ಬಲ ಮೂತ್ರನಾಳದ ಬಾಯಿಯಿಂದ ಮೂತ್ರ ಆಗಾಗ ಕೆಂಪು ಬಣ್ಣವಾಗಿ ಚಿಮ್ಮಿತು. ಎಡಗಡೆಯಿಂದ ಒಮ್ಮೆಯೂ ಬರಲಿಲ್ಲ.

ನರ್ಸ್ ಥರ್ಮಾಮೀಟರ್ ಇಟ್ಟಳು. 102 ಡಿಗ್ರಿ. ನಾಡಿ 124, ಬಿ.ಪಿ. 90/60.

“ಕಲ್ಲು ಎಷ್ಟು ಎಂಎಂ ಐತೆ ಮೇಡಂ?” ಎಂದು ಮಗ ಕೇಳಿದ. ನಮ್ಮಲ್ಲಿ ಬರುವ ಪ್ರತಿಯೊಬ್ಬರೂ ಕೇಳುವ ಪ್ರಶ್ನೆ ಅದು. “ಏಳು ಎಂಎಂ ಇದೆಯಪ್ಪ. ಆದರೆ ಇವತ್ತು ತೊಂದರೆ ಕಲ್ಲಿನದಲ್ಲ, ಅದರ ಹಿಂದೆ ಕಟ್ಟಿಕೊಂಡಿರುವ ಕೀವಿನದು. ಅದು ಈಗಲೇ ಹೊರಗೆ ಬರಬೇಕು. ಮನೆಗೆ ಹೋಗುವ ಹಾಗಿಲ್ಲ, ಇಲ್ಲಿಂದಲೇ ಕೋಲಾರಕ್ಕೆ ಹೊರಡಿ,” ಎಂದೆ. “ನೋವು ಕಮ್ಮಿ ಆಗೈತಲ್ಲಾ?” ಎಂದ.

ಆ ಪ್ರಶ್ನೆಗೆ ಅಂದು ಆಂಬುಲೆನ್ಸ್ ಬರುವ ತನಕ ಅವನಿಗೆ ಉತ್ತರಿಸಿದ್ದನ್ನೇ ಇಲ್ಲಿ ಬರೆಯುತ್ತೇನೆ. ಕಲ್ಲಿನ ನೋವು ಕಲ್ಲು ಚುಚ್ಚಿದ್ದರಿಂದ ಮಾತ್ರ ಬರುವುದಲ್ಲ. ದಾರಿ ಕಟ್ಟಿದಾಗ ಕಿಡ್ನಿಯೊಳಗೆ ಒತ್ತಡ ಏರಿ, ಅದರ ಗೋಡೆ ಹಠಾತ್ತನೆ ಬಿಗಿಯುವುದೇ ಆ ನೋವಿನ ಮುಖ್ಯ ಕಾರಣ. ದಾರಿ ಕಟ್ಟಿಯೇ ಇದ್ದರೆ ಕೆಲವು ಸಮಯದ ಬಳಿಕ ಕಿಡ್ನಿಗೆ ರಕ್ತದ ಹರಿವು ಕಡಿಮೆಯಾಗಿ, ಅದು ಮೂತ್ರ ತಯಾರಿಸುವುದನ್ನೇ ತಗ್ಗಿಸುತ್ತದೆ. ಒತ್ತಡ ಇಳಿಯುತ್ತದೆ, ನೋವೂ ಇಳಿಯುತ್ತದೆ, ಆದರೆ ಕಲ್ಲು ಇದ್ದಲ್ಲೇ ಇರುತ್ತದೆ. ಮೇಲಾಗಿ ನೋವಿನ ಇಂಜೆಕ್ಷನ್ ಜ್ವರವನ್ನೂ ಕೆಲವು ಗಂಟೆ ಅಡಗಿಸಿಡುತ್ತದೆ. ಸೋಂಕಿಲ್ಲದಿದ್ದರೂ ಹೀಗೆ ನೋವಿಲ್ಲದೆ ವಾರಗಟ್ಟಲೆ ಕಟ್ಟಿಕೊಂಡೇ ಉಳಿದ ಕಿಡ್ನಿ ಕ್ರಮೇಣ ಕೆಲಸ ಕಳೆದುಕೊಳ್ಳುತ್ತದೆ. ಸೋಂಕು ಸೇರಿದರಂತೂ ಕೆಲವೇ ಗಂಟೆಗಳಲ್ಲಿ ರಕ್ತಕ್ಕೆ ಹರಡಬಲ್ಲದು. ಕಟ್ಟಿಕೊಂಡ ಕಿಡ್ನಿಯ ಮೂತ್ರಕ್ಕೆ ಆಂಟಿಬಯೋಟಿಕ್ ಸಾಕಷ್ಟು ತಲುಪುವುದಿಲ್ಲವಾದ್ದರಿಂದ ಔಷಧಿಯೊಂದರಿಂದಲೇ ಗುಣವಾಗುವುದೂ ಇಲ್ಲ.

ಮುಳಬಾಗಿಲಿನಿಂದ ಕೋಲಾರ ಸುಮಾರು 30 ಕಿ.ಮೀ. ನಾನು ಅಲ್ಲಿನ ಮೂತ್ರರೋಗ ತಜ್ಞರಿಗೆ ಫೋನ್ ಮಾಡಿ, “ಎಡಗಡೆ ಕಟ್ಟಿಕೊಂಡ ಕಿಡ್ನಿ, ಒಳಗೆ ಮಡ್ಡಿ, ಜ್ವರ, ಬಿ.ಪಿ. ಇಳಿದಿದೆ, ಸಕ್ಕರೆ ಕಾಯಿಲೆ ಇದೆ,” ಎಂದು ಹೇಳಿದೆ. ಅವರು ಬೇರೇನೂ ಕೇಳಲಿಲ್ಲ, ಕಳುಹಿಸಿ ಎಂದರು. ಅಲ್ಲಿ ರಕ್ತ ಮತ್ತು ಮೂತ್ರವನ್ನು ಪರೀಕ್ಷೆಗೆ ತೆಗೆದುಕೊಂಡು, ಸಲೈನ್ ಮತ್ತು ಆಂಟಿಬಯೋಟಿಕ್ ಶುರುಮಾಡಿ, ಅಂದು ಮಧ್ಯಾಹ್ನವೇ ಬೆನ್ನಿನ ಭಾಗವನ್ನು ಮರಗಟ್ಟಿಸಿ, ಅಲ್ಟ್ರಾಸೌಂಡ್ ನೋಡಿಕೊಂಡೇ ಸೂಜಿಯ ಮೂಲಕ ಕಿಡ್ನಿಯೊಳಗೆ ತೆಳುವಾದ ಕೊಳವೆ ಇಳಿಸಿದರು. ಕೊಳವೆಯಲ್ಲಿ ಮೊದಲು ಬಂದದ್ದು ಮಜ್ಜಿಗೆಯಂತೆ ದಪ್ಪಗಿದ್ದ ಕೀವು ಎಂದು ಆ ವೈದ್ಯರು ಸಂಜೆ ತಿಳಿಸಿದರು. ಕೆಲವರಿಗೆ ಇದೇ ಕೆಲಸವನ್ನು ಮೂತ್ರಕೋಶದ ಕಡೆಯಿಂದ ಮೂತ್ರನಾಳದೊಳಗೆ ಸ್ಟೆಂಟ್ ಎಂಬ ತೆಳು ಕೊಳವೆ ಏರಿಸಿ ಮಾಡುತ್ತಾರೆ. ಕಲ್ಲನ್ನು ಅಂದು ಯಾರೂ ಮುಟ್ಟಲಿಲ್ಲ. ಸೋಂಕು ಇರುವಾಗ ಕಲ್ಲು ಒಡೆಯಲು ಹೋದರೆ ಒಳಗಿನ ಒತ್ತಡ ಏರಿ ಕ್ರಿಮಿಗಳನ್ನು ರಕ್ತಕ್ಕೆ ನೂಕಿದಂತಾಗುತ್ತದೆ. ಜ್ವರ ಪೂರ್ತಿ ಇಳಿದು ಆಂಟಿಬಯೋಟಿಕ್ ಮುಗಿದ ಮೇಲೆ ಲೇಸರಿನಿಂದ ಅದನ್ನು ಪುಡಿ ಮಾಡಿ, ಮೂತ್ರನಾಳದಲ್ಲಿ ಸ್ಟೆಂಟ್ ಇರಿಸಿದರು.

ಆ ನಲವತ್ತು ನಿಮಿಷ ಮಾತ್ರ ನನ್ನನ್ನು ಬಿಟ್ಟಿಲ್ಲ. ಮರುದಿನವೇ ಕೌಂಟರಿನಲ್ಲಿ ಥರ್ಮಾಮೀಟರ್ ಇರಿಸಿದೆ. ಪಕ್ಕೆ ನೋವೆಂದು ಬಂದವರ ಹೆಸರು ಬರೆಯುವ ಮೊದಲು ಜ್ವರವಿದೆಯೇ, ಚಳಿ ನಡುಕ ಬಂದಿತ್ತೇ, ನೋವಿನ ಮಾತ್ರೆ ಯಾವಾಗ ತೆಗೆದುಕೊಂಡಿರಿ, ಮೂತ್ರ ಹೋಗುತ್ತಿದೆಯೇ, ಇರುವುದು ಒಂದೇ ಕಿಡ್ನಿಯೇ, ಬಸುರಿಯೇ ಎಂದು ನಮ್ಮ ಹುಡುಗಿ ಕೇಳುತ್ತಾಳೆ. ಇವುಗಳಲ್ಲಿ ಒಂದು ಸಂದೇಹ ಬಂದರೂ ಚೀಟಿಯ ಮೇಲೆ ಕೆಂಪು ಗೆರೆ ಎಳೆದು ನೇರವಾಗಿ ಒಳಗೆ ತರುತ್ತಾಳೆ, ಹೊರಗೆ ಯಾರು ಎಷ್ಟು ಕೂಗಾಡುತ್ತಿದ್ದರೂ ಸರಿ.

ಆಷಾಢದಲ್ಲಿ, ಸ್ಟೆಂಟ್ ತೆಗೆಸಿಕೊಂಡು ಕೆಲವು ವಾರಗಳಾದ ಮೇಲೆ, ಆ ತಾಯಿ ಮಗನೊಂದಿಗೆ ಮತ್ತೆ ಬಂದರು. ಎಡ ಕಿಡ್ನಿಯ ನಡುವಿನ ಬಿಳುಪು ಬಹುಮಟ್ಟಿಗೆ ಕೂಡಿಕೊಂಡಿತ್ತು, ಬಟ್ಟಲುಗಳಲ್ಲಿ ತುಸು ಸಡಿಲು ಉಳಿದಿತ್ತು. ಮೂತ್ರಕೋಶದ ಮೇಲೆ ಡಾಪ್ಲರ್ ಹಾಕಿ ಕಾದೆ. ಬಲಗಡೆಯಿಂದ ಒಮ್ಮೆ ಚಿಮ್ಮಿತು, ಮತ್ತೊಮ್ಮೆ ಚಿಮ್ಮಿತು. “ಏನು ನೋಡ್ತಾ ಇದ್ದೀಯಾ ತಾಯಿ?” ಎಂದು ಅವರು ಕೇಳಿದರು. ಅಷ್ಟರಲ್ಲಿ ಎಡಗಡೆಯಿಂದಲೂ ಕೆಂಪು ಚಿಮ್ಮಿತು. ನಾನು ಪರದೆಯನ್ನು ಅವರ ಕಡೆಗೆ ತಿರುಗಿಸಿದೆ.