ಬ್ರೇಕ್ ಹಾಕಿದರೆ ಬಸ್ಸಿಗೆ ಎಷ್ಟು ಕರೆಂಟ್ ವಾಪಸ್ ಬರುತ್ತದೆ?

“ಎಲೆಕ್ಟ್ರಿಕ್ ಬಸ್ಸು ಬ್ರೇಕ್ ಹಾಕಿದಾಗೆಲ್ಲ ತಾನೇ ಚಾರ್ಜ್ ಆಗುತ್ತಂತಲ್ಲ? ಹಾಗಾದ್ರೆ ಸಿಟಿಯಲ್ಲಿ ಹೆಜ್ಜೆಗೊಂದು ಸ್ಟಾಪ್ ಇದ್ರೆ ಒಳ್ಳೇದೇ ಅಲ್ವಾ? ಒಟ್ಟು ಎಷ್ಟು ಪರ್ಸೆಂಟ್ ವಾಪಸ್ ಬರುತ್ತೆ?”

ಒಳ್ಳೇದಲ್ಲ. ಸ್ಟಾಪ್ ಜಾಸ್ತಿಯಾದಷ್ಟೂ ಬ್ಯಾಟರಿ ಜಾಸ್ತಿ ಖರ್ಚಾಗುತ್ತದೆ. ವಾಪಸ್ ಬರುವುದು ಆ ಖರ್ಚಿನ ಒಂದು ಭಾಗ ಮಾತ್ರ. ನೂರು ರೂಪಾಯಿ ಸಾಲ ಕೊಟ್ಟು ಐವತ್ತೈದು ವಾಪಸ್ ಪಡೆದ ಹಾಗೆ. ಪೂರ್ತಿ ಹೋಗಲಿಲ್ಲ ಎಂದು ಸಮಾಧಾನಪಡಬಹುದು, ಹಾಗಂತ ಅದು ಸಂಪಾದನೆಯಲ್ಲ.

ಪರ್ಸೆಂಟ್ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಯಾವುದರ ಪರ್ಸೆಂಟ್ ಎನ್ನುವುದರ ಮೇಲೆ ಹೋಗುತ್ತದೆ. ಬೆಂಗಳೂರಿನಲ್ಲಿ ಓಡುವಂಥ 12 ಮೀಟರಿನ ಒಂದು ಎ.ಸಿ. ಬಸ್ಸನ್ನು ತೆಗೆದುಕೊಂಡು ಲೆಕ್ಕ ಹಾಕೋಣ. ಜನರೂ ಸೇರಿ ತೂಕ 16 ಟನ್ ಇರಲಿ. ಒಂದು ಸ್ಟಾಪಿನಿಂದ ಇನ್ನೊಂದಕ್ಕೆ ಅರ್ಧ ಕಿಲೋಮೀಟರ್. ನಡುವೆ ಬಸ್ಸು 40 ಕಿ.ಮೀ. ವೇಗಕ್ಕೆ ಏರಿ, ಮತ್ತೆ ನಿಲ್ಲುತ್ತದೆ. ಇವು ನಾನು ಇಟ್ಟುಕೊಂಡ ಅಂದಾಜುಗಳು, ಆದರೆ ವಾಸ್ತವಕ್ಕೆ ಹತ್ತಿರದವು.

16 ಟನ್ ತೂಕ 40 ಕಿ.ಮೀ. ವೇಗದಲ್ಲಿ ಹೋಗುವಾಗ ಅದರ ಓಟದಲ್ಲಿ ಸುಮಾರು 0.27 ಯೂನಿಟ್ ಶಕ್ತಿ ಇರುತ್ತದೆ. ಮನೆಯ ಕರೆಂಟ್ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್. ಡೀಸೆಲ್ ಬಸ್ಸಿನಲ್ಲಿ ಬ್ರೇಕ್ ಒತ್ತಿದರೆ ಇದರಲ್ಲಿ ಬಹುಪಾಲು ಲೈನರ್ ಮತ್ತು ಡ್ರಮ್ಮಿನಲ್ಲಿ ಬಿಸಿಯಾಗಿ ಹೋಗುತ್ತದೆ. ಎಲೆಕ್ಟ್ರಿಕ್ ಬಸ್ಸಿನಲ್ಲಿ ಡ್ರೈವರ್ ಪೆಡಲ್ ಮೇಲೆ ಕಾಲಿಟ್ಟಾಗ ಮೊದಲು ಕೆಲಸ ಶುರುಮಾಡುವುದು ಏರ್ ಬ್ರೇಕ್ ಅಲ್ಲ, ಮೋಟಾರ್. ಬ್ಯಾಟರಿ ಮತ್ತು ಮೋಟಾರಿನ ನಡುವೆ ಕರೆಂಟನ್ನು ನಿಯಂತ್ರಿಸುವ ಇನ್ವರ್ಟರ್ ಅದರ ಸೆಳೆತವನ್ನು ಉಲ್ಟಾ ಮಾಡುತ್ತದೆ. ಅಲ್ಲಿಯವರೆಗೆ ಚಕ್ರವನ್ನು ತಿರುಗಿಸುತ್ತಿದ್ದ ಮೋಟಾರನ್ನು ಈಗ ಚಕ್ರವೇ ತಿರುಗಿಸುತ್ತದೆ, ಅಂದರೆ ಅದು ಜನರೇಟರ್ ಆಗುತ್ತದೆ. ಹುಟ್ಟಿದ ಕರೆಂಟ್ ಡಿ.ಸಿ. ಆಗಿ ಬ್ಯಾಟರಿಗೆ ಹೋಗುತ್ತದೆ. ಆ ಸೆಳೆತ ಸಾಲದಿದ್ದರೆ ಮಾತ್ರ ಏರ್ ಬ್ರೇಕ್ ಕೈ ಜೋಡಿಸುತ್ತದೆ.

ಹೋಗುವ ದಾರಿಯಲ್ಲಿ ಎಲ್ಲರೂ ಸ್ವಲ್ಪ ಸ್ವಲ್ಪ ತಿನ್ನುತ್ತಾರೆ. ಬಸ್ಸು ನಿಧಾನವಾಗುವಷ್ಟರಲ್ಲಿ ಟೈರಿನ ಉರುಳಾಟ ಮತ್ತು ಗಾಳಿ ತಮ್ಮ ಪಾಲು ತೆಗೆದುಕೊಂಡಿರುತ್ತವೆ. ಆಮೇಲೆ ಆಕ್ಸಲ್, ಮೋಟಾರ್, ಇನ್ವರ್ಟರ್. ಕೊನೆಯ ಕೆಲವು ಮೀಟರ್ ಏರ್ ಬ್ರೇಕಿನದೇ ಕೆಲಸ, ಯಾಕೆಂದರೆ ನಡಿಗೆಯ ವೇಗಕ್ಕೆ ಇಳಿದ ಮೇಲೆ ಮೋಟಾರಿಗೆ ಹೇಳಿಕೊಳ್ಳುವಷ್ಟು ಕರೆಂಟ್ ಹುಟ್ಟಿಸಲು ಆಗುವುದಿಲ್ಲ. ಇಷ್ಟೆಲ್ಲ ಕಳೆದು ನಮ್ಮ 0.27ರಲ್ಲಿ ಬ್ಯಾಟರಿಗೆ ಸೇರುವುದು ಸುಮಾರು 0.19. ಅದೇ ಕರೆಂಟ್ ಮುಂದಿನ ಸ್ಟಾಪಿನಿಂದ ಹೊರಡುವಾಗ ಅದೇ ದಾರಿಯಲ್ಲಿ ಹಿಂದಕ್ಕೆ ಬರಬೇಕಲ್ವಾ? ಆಗ ಮತ್ತೊಮ್ಮೆ ಸುಂಕ. ಚಕ್ರಕ್ಕೆ ಕೊನೆಗೆ ಸಿಗುವುದು 0.15. ಮೇಲೆ ಹೇಳಿದ ಐವತ್ತೈದು ರೂಪಾಯಿ ಇದೇ.

ಈಗ ಖರ್ಚಿನ ಕಡೆ ನೋಡಿ. ಆ ಅರ್ಧ ಕಿಲೋಮೀಟರ್ ಓಡಲು ಬ್ಯಾಟರಿಯಿಂದ ಮೋಟಾರಿಗೆ ಹೋಗಿದ್ದು ಸುಮಾರು 0.54 ಯೂನಿಟ್. ಸಿಗ್ನಲ್, ಜನ ಹತ್ತಿ ಇಳಿಯುವುದು ಎಲ್ಲ ಸೇರಿ ಎರಡು ನಿಮಿಷ ಹಿಡಿದರೆ ಎ.ಸಿ., ಏರ್ ಕಂಪ್ರೆಸರ್, ಪವರ್ ಸ್ಟೀರಿಂಗ್, ದೀಪ ಇವೆಲ್ಲ ಇನ್ನೊಂದು 0.2 ತಿಂದಿರುತ್ತವೆ. ಒಟ್ಟು 0.74. ವಾಪಸ್ ಬಂದ 0.19 ಕಳೆದರೆ 0.55. ಕಿಲೋಮೀಟರಿಗೆ 1.1 ಯೂನಿಟ್ ಆಯಿತು. ಈ ವ್ಯವಸ್ಥೆ ಇಲ್ಲದಿದ್ದರೆ ಹತ್ತಿರ ಹತ್ತಿರ 1.5 ಆಗುತ್ತಿತ್ತು.

ಇಲ್ಲೇ ಇರುವುದು ಪರ್ಸೆಂಟಿನ ಆಟ. ವಾಪಸ್ ಬಂದಿದ್ದು ಅದೇ 0.19. ಅದನ್ನು ಬಸ್ಸಿನ ಓಟದ ಶಕ್ತಿಗೆ ಹೋಲಿಸಿದರೆ 70 ಪರ್ಸೆಂಟ್. ಮೋಟಾರ್ ಎಳೆದಿದ್ದಕ್ಕೆ ಹೋಲಿಸಿದರೆ 35. ಬ್ಯಾಟರಿಯಿಂದ ಹೊರಟ ಒಟ್ಟಿಗೆ ಹೋಲಿಸಿದರೆ 26. ಮಾರುವವರು ಯಾವುದನ್ನು ಹೇಳುತ್ತಾರೆ ಎಂದು ನಾನು ಹೇಳಬೇಕಿಲ್ಲ! ಡಿಪೋ ನಡೆಸುವವರಿಗೆ ಬೇಕಾದದ್ದು ಕೊನೆಯದು. ಕರೆಂಟ್ ಬಿಲ್ಲಿನಲ್ಲಿ ಉಳಿಯುವುದು ಅಷ್ಟೇ. ಹಾಗಾಗಿ ಯಾರಾದರೂ ನನ್ನನ್ನು ದಾರಿಯಲ್ಲಿ ನಿಲ್ಲಿಸಿ ಕೇಳಿದರೆ, ಸಿಟಿಯಲ್ಲಿ ಸುಮಾರು ಕಾಲು ಭಾಗ ಎಂದು ಹೇಳಿ ಮುಂದೆ ಹೋಗುತ್ತೇನೆ.

ಹಾಗಾದರೆ ಒಂದು ಸ್ಟಾಪಿನ ನಿಜವಾದ ಬೆಲೆ ಎಷ್ಟು? ನಿಲ್ಲದೆ ಅದೇ ವೇಗದಲ್ಲಿ ಹೋಗಿದ್ದರೆ ಆಗುತ್ತಿದ್ದ ಖರ್ಚಿಗಿಂತ 0.1 ಯೂನಿಟ್‌ಗೆ ತುಸು ಜಾಸ್ತಿ. ಇದು ಮೋಟಾರಿನ ಲೆಕ್ಕ ಮಾತ್ರ, ನಿಂತ ಹೊತ್ತಿನಲ್ಲಿ ಎ.ಸಿ. ತಿನ್ನುವುದು ಬೇರೆ.

ಜಾಮಿನಲ್ಲಿ ಬ್ರೇಕ್ ಜಾಸ್ತಿ, ಆದ್ದರಿಂದ ಲಾಭವೂ ಜಾಸ್ತಿ ಎಂದು ಕೆಲವರು ವಾದಿಸುತ್ತಾರೆ. ಅಲ್ಲಿ ಲೆಕ್ಕ ಪೂರ್ತಿ ಕೈಕೊಡುತ್ತದೆ. ವೇಗ ಅರ್ಧವಾದರೆ ಓಟದ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಸಿಲ್ಕ್ ಬೋರ್ಡ್ ಹತ್ತಿರ 10 ಕಿ.ಮೀ. ವೇಗದಲ್ಲಿ ತೆವಳುವ ಬಸ್ಸಿನಲ್ಲಿ ಇರುವುದೇ 0.017 ಯೂನಿಟ್. ಅದರಲ್ಲೂ ಸುಮಾರು ಕಾಲು ಭಾಗ ಏರ್ ಬ್ರೇಕ್ ನೋಡಿಕೊಳ್ಳುವ ಆ ಕೊನೆಯ ನಿಧಾನ ವೇಗದಲ್ಲೇ ಹೋಗುತ್ತದೆ. ಇತ್ತ ಎ.ಸಿ. ಮತ್ತು ಉಳಿದವು ಸುಮ್ನೆ ನಿಂತಿದ್ದರೂ ಹತ್ತು ನಿಮಿಷಕ್ಕೆ 1 ಯೂನಿಟ್ ನುಂಗುತ್ತವೆ. ಐದು ಒಳ್ಳೆಯ ಸ್ಟಾಪುಗಳಲ್ಲಿ ಗಳಿಸಿದ್ದು ಹತ್ತು ನಿಮಿಷದ ಜಾಮಿಗೆ ಸರಿಹೋಯಿತು.

ಬ್ರೇಕ್ ಒತ್ತುವ ರೀತಿಯೂ ಮುಖ್ಯ. ನಮ್ಮ ಬಸ್ಸನ್ನು 40ರಿಂದ ಹನ್ನೊಂದು ಸೆಕೆಂಡಿನಲ್ಲಿ ಮೆತ್ತಗೆ ನಿಲ್ಲಿಸಿದರೆ ಶುರುವಿನಲ್ಲಿ ಸುಮಾರು 180 ಕಿಲೋವ್ಯಾಟ್ ಹಿಂದಕ್ಕೆ ನುಗ್ಗುತ್ತದೆ. ದೊಡ್ಡ ಬಸ್ಸಿನ ಮೋಟಾರ್ ಅಷ್ಟನ್ನು ಹಿಡಿದುಕೊಳ್ಳಬಹುದು. ಅರ್ಧ ಸಮಯದಲ್ಲಿ ನಿಲ್ಲಿಸಿದರೆ 360. ಅಷ್ಟನ್ನು ಹಿಡಿಯಲು ಸಾಧಾರಣವಾಗಿ ಮೋಟಾರಿಗೂ ಆಗುವುದಿಲ್ಲ, ಬ್ಯಾಟರಿಯೂ ಒಪ್ಪುವುದಿಲ್ಲ. ಮಿಕ್ಕಿದ್ದು ಲೈನರಿಗೆ. ಅನುಭವಿ ಡ್ರೈವರುಗಳು ಸ್ಟಾಪ್ ದೂರದಲ್ಲಿ ಕಂಡ ಕೂಡಲೇ ಆಕ್ಸಿಲರೇಟರಿನಿಂದ ಕಾಲು ತೆಗೆದು, ಪೆಡಲನ್ನು ಮೇಲೆ ಮೇಲೆ ಒತ್ತುತ್ತಾ ಬರುತ್ತಾರೆ. ನಿಂತಿರುವ ಪ್ರಯಾಣಿಕರೂ ಮುಗ್ಗರಿಸುವುದಿಲ್ಲ. ಅಂಥವರ ಬಸ್ಸಿನಲ್ಲಿ ಲೈನರ್ ಬದಲಾಯಿಸುವ ಸರದಿಯೂ ತಡವಾಗಿ ಬರುತ್ತದೆ.

ಒಂದು ಸಂದರ್ಭದಲ್ಲಿ ಎಂಥ ಡ್ರೈವರ್ ಇದ್ದರೂ ಏನೂ ಸಿಗುವುದಿಲ್ಲ. ರಾತ್ರಿ ಪೂರ್ತಿ ಚಾರ್ಜ್ ಆಗಿ ಬೆಳಗ್ಗೆ ಡಿಪೋದಿಂದ ಹೊರಟ ಬಸ್ಸಿನ ಬ್ಯಾಟರಿಯಲ್ಲಿ ಜಾಗವೇ ಇರುವುದಿಲ್ಲ. ಬ್ಯಾಟರಿಯನ್ನು ಕಾಯುವ ವ್ಯವಸ್ಥೆ ವಾಪಸ್ ಬರುವ ಕರೆಂಟನ್ನು ತಡೆಯುತ್ತದೆ. ಮೊದಲ ಕೆಲವು ಸ್ಟಾಪುಗಳಲ್ಲಿ ಕಾಲು ತೆಗೆದರೂ ಬಸ್ಸು ಜಾರಿದ ಹಾಗೆ ಮುಂದೆ ಹೋಗುತ್ತದೆ. ಹೊಸ ಡ್ರೈವರುಗಳು ಇದನ್ನು ಬ್ರೇಕ್ ವೀಕಾಗಿದೆ ಎಂದು ಬರೆಸುವುದುಂಟು. ಡ್ಯಾಶ್‌ಬೋರ್ಡಿನಲ್ಲಿ ಪವರ್ ತೋರಿಸುವ ಮುಳ್ಳು ಚಾರ್ಜ್ ಕಡೆಗೆ ವಾಲದೆ ಸೊನ್ನೆಯ ಹತ್ತಿರವೇ ಇದೆಯಾ ನೋಡಿ. ಬೆಳಗಿನ ಮೊದಲ ಟ್ರಿಪ್ಪಿನಲ್ಲಿ ಹೀಗಿದ್ದರೆ ಸಹಜ. ಮಧ್ಯಾಹ್ನ ಬ್ಯಾಟರಿ ಅರ್ಧಕ್ಕೆ ಇಳಿದ ಮೇಲೂ ಹಾಗೇ ಇದ್ದರೆ ವರ್ಕ್‌ಶಾಪಿಗೆ ಬಿಡಬೇಕು.